ಮರಳುಗಾಡಿನ ಹೆಸರಿಗೆ ಒಂದು ‘ಗೆ’ ಸೇರಿಸಿ ನೋಡಿ

ಭಾನುವಾರ ಕಬ್ಬನ್ ಪಾರ್ಕಿನಲ್ಲಿ ನಾವು ಕೆಲವರು ಸೇರಿ, ಬರೆದದ್ದನ್ನು ಓದಿಕೊಳ್ಳುತ್ತೇವೆ. ಫ್ಯಾಂಟಸಿ ಕಾದಂಬರಿ ಬಂತೆಂದರೆ ಅದರಲ್ಲಿ ಮರಳುಗಾಡಿನ ಜನ ಇದ್ದೇ ಇರುತ್ತಾರೆ. ಅಣ್ಣ ಝಾರಖ್, ತಂಗಿ ಲುಮೋನಾ, ಅಜ್ಜ ವೀರಭದ್ರಕ. ಮೂವರೂ ಒಂದೇ ಬಾವಿಯ ನೀರು ಕುಡಿದವರು ಅಂತ ಅನಿಸುವುದೇ ಇಲ್ಲ.

ಇಂಥ ಜನಕ್ಕೆ ಹೆಸರು ಕಟ್ಟುವಾಗ ಮೊದಲು ಅಕ್ಷರ ಆರಿಸಿ. ತ, ದ, ನ, ಬ, ಮ, ರ, ಸ, ಹ ಸಾಕು. ಸ್ವರಗಳಲ್ಲಿ ಅ, ಆ, ಇ, ಎ. ಉ, ಒ ಬೇಡವೇ ಬೇಡ. ಮರಳುಗಾಡು ಅಂದರೆ ಖ, ಘ ಇರಲೇಬೇಕು ಅನ್ನುವುದು ತಪ್ಪು. ಥಾರ್ ಮರುಭೂಮಿಯ ಮಾರವಾಡಿಯಲ್ಲಿ ನಮ್ಮ ಹಾಗೇ ಣ, ಳ ಇವೆ. ನಿಮ್ಮ ಕಥೆಯ ಪಕ್ಕದ ರಾಜ್ಯದವರ ಹೆಸರಿಗಿಂತ ಬೇರೆಯಾಗಿ ಕೇಳಿಸಬೇಕು, ಅಷ್ಟೇ.

ಆಮೇಲೆ ಅಚ್ಚು. ಮೂರು ಅಕ್ಷರ, ನಡುವಿನದು ದೀರ್ಘ, ಒತ್ತಕ್ಷರ ಇಲ್ಲ. ಗಂಡಸರ ಹೆಸರಿನ ಕೊನೆಗೆ ಇ, ಹೆಂಗಸರದಕ್ಕೆ ಎ. ದೆಹಾಮಿ, ಮೆಸಾರಿ, ನಿದಾಬಿ, ರಿಮಾತೆ, ದೆಹಾರೆ. ಸಹಾರಾದ ಬರ್ಬರ್ ಭಾಷೆಗಳಲ್ಲೂ ಇಂಥ ಗುರುತು ಇದೆ: ಅಮಾಜಿಗ್ ಅಂದರೆ ಬರ್ಬರ್ ಗಂಡಸು, ಹಿಂದೆ ಮುಂದೆ ‘ತ್’ ಸೇರಿ ತಮಾಜಿಗ್ತ್ ಆದರೆ ಹೆಂಗಸು. ಆ ಉಪಾಯ ತೆಗೆದುಕೊಳ್ಳಿ, ಪದ ಬೇಡ. ಹೆಸರು ಹುಟ್ಟಿಸಿ ಕೊಡುವ ವೆಬ್‌ಸೈಟುಗಳನ್ನೂ ಬಿಡಿ. ಅವು ಇಂಗ್ಲಿಷ್ ಕಾಗುಣಿತಕ್ಕೆ ಮಾಡಿದವು. ಹೆಸರಿನ ನಡುವೆ ಸುಮ್ನೆ ಒಂದು ಅಪಾಸ್ಟ್ರಫಿ ಚಿಹ್ನೆ ತುರುಕುತ್ತವೆ. ಅದನ್ನು ಕನ್ನಡದಲ್ಲಿ ಓದುವುದು ಹೇಗೆ?

ಹೆಚ್ಚಿನವರು ಎಡವುವುದು ಇನ್ನು ಮುಂದೆ. ಕನ್ನಡದಲ್ಲಿ ಹೆಸರು ಒಂಟಿಯಾಗಿ ನಿಲ್ಲುವುದು ಕಡಿಮೆ. ಅದಕ್ಕೆ ಅನ್ನು, ಗೆ, ಅ, ಇಂದ ಅಂಟುತ್ತಲೇ ಇರುತ್ತವೆ. ಹಾಗಾಗಿ ಪ್ರತಿ ಹೆಸರನ್ನೂ ಈ ನಾಲ್ಕರ ಜೊತೆ ಬರೆದು, ಜೋರಾಗಿ ಓದಿ. ತಸಾರ್ ಅಂತ ಇಟ್ಟಿದ್ದೀರಿ ಅಂದುಕೊಳ್ಳಿ. ಒಂದು ಪುಟದಲ್ಲಿ ‘ತಸಾರ್‌ಗೆ’, ಇನ್ನೊಂದರಲ್ಲಿ ‘ತಸಾರನಿಗೆ’ ಆಗುತ್ತದೆ. ಟೈಪ್ ಮಾಡುವಾಗ ರ್ ಆದಮೇಲೆ U+200C ಅನ್ನುವ ಕಾಣದ ಚಿಹ್ನೆ ಬಿಟ್ಟುಹೋದರೆ ‘ತಸಾರ್ಗೆ’ ಅಂತ ಅರ್ಕಾವತ್ತು ಬಂದು ಕೂರುತ್ತದೆ. ಒಬ್ಬನೇ ಮನುಷ್ಯ ಮೂವರಾಗಿಬಿಡುತ್ತಾನೆ. ಕೊನೆಗೆ ಅ ಇಟ್ಟು ‘ತಸಾರ’ ಮಾಡಿದರೆ ತಸಾರನು, ತಸಾರನಿಗೆ ಅಂತ ಪುರಾಣದ ಧಾಟಿ ಬರುತ್ತದೆ. ಇ, ಎ ಇದ್ದರೆ ಈ ಕಷ್ಟವೇ ಇಲ್ಲ: ದೆಹಾಮಿಯನ್ನು, ದೆಹಾಮಿಗೆ, ದೆಹಾಮಿಯ, ದೆಹಾಮಿಯಿಂದ. ನಾನಂತೂ ವ್ಯಂಜನದಲ್ಲಿ ಮುಗಿಯುವ ಹೆಸರು ಬೇಡ ಅಂತಲೇ ಹೇಳುತ್ತೇನೆ.

ಓದುವಾಗ ಒಳಗೆ ಕನ್ನಡ ಪದ ಅಡಗಿದೆಯಾ ನೋಡಿ. ಅಚ್ಚಿನ ಪ್ರಕಾರ ಬಸಾರಿ ಸರಿಯೇ. ಆದರೆ ಯುದ್ಧಕ್ಕೆ ಹೊರಟ ಬಸಾರಿಯನ್ನು ಓದುಗರು ಬಸುರಿ ಅಂತ ಓದಿಕೊಳ್ಳುತ್ತಾರೆ, ಅಲ್ವಾ? ಮುಖ್ಯ ಪಾತ್ರಗಳ ಮೊದಲ ಅಕ್ಷರ ಬೇರೆಬೇರೆ ಇರಲಿ.

ಇದೆಲ್ಲ ಮೊದಲ ಅಧ್ಯಾಯಕ್ಕೆ ಮುಂಚೆಯೇ ಮುಗಿಸಿ. ಆಮೇಲೆ ತಸಾರ್ ಬೇಡ, ಮೆಸಾರಿ ಇರಲಿ ಅಂತ ಕಂಪ್ಯೂಟರಿನಲ್ಲಿ ಹುಡುಕಿ ಬದಲಿಸಿದರೆ ‘ತಸಾರನಿಗೆ’ಗಳು ಹಾಗೇ ಉಳಿಯುತ್ತವೆ. ಒಂದೊಂದನ್ನೂ ಕೈಯಲ್ಲೇ ತಿದ್ದಬೇಕು.