ಬ್ಲೂಟೂತ್ ಇಯರ್‌ಬಡ್‌ನಲ್ಲಿ ಬಿಜಿಎಂಐ: ಸದ್ದು ಎಷ್ಟು ತಡ ಅಂತ ನಾನೇ ಅಳೆದು ನೋಡಿದೆ

ಇಯರ್‌ಬಡ್ ಹಾಕಿಕೊಂಡು ಬಿಜಿಎಂಐ ಆಡುವಾಗ ಹೆಜ್ಜೆ ಸದ್ದು ಕೇಳಿ ತಿರುಗುವಷ್ಟರಲ್ಲಿ ಎದುರಾಳಿ ಹೊಡೆದೇ ಬಿಟ್ಟಿರುತ್ತಿದ್ದ. ನೆಟ್ ಸರಿ ಇಲ್ಲ ಅಂದುಕೊಂಡಿದ್ದೆ. ಅದೇ ಇಯರ್‌ಬಡ್‌ನಲ್ಲಿ ಸಿನಿಮಾ ನೋಡಿದರೆ ತುಟಿ, ಮಾತು ಎರಡೂ ಸರಿಯಾಗಿ ಹೊಂದುತ್ತಿದ್ದವು. ಆಮೇಲೆ ಗೊತ್ತಾಯಿತು, ಸದ್ದು ತಡ ಆಗುವಷ್ಟೇ ಚಿತ್ರವನ್ನೂ ವಿಡಿಯೋ ಆ್ಯಪ್ ತಡ ಮಾಡಿ ತೋರಿಸುತ್ತದೆ. ಗೇಮ್‌ನಲ್ಲಿ ಹಾಗೆ ಮಾಡೋಕೆ ಆಗಲ್ಲ, ನಾವು ಬಟನ್ ಒತ್ತಿದ ಕೂಡಲೇ ಚಿತ್ರ ಬರಬೇಕಲ್ವಾ.

ಹಾಗಾಗಿ ಅಳೆದೇ ನೋಡೋಣ ಅಂತ ಕೂತೆ. ಟ್ರೈನಿಂಗ್ ಗ್ರೌಂಡ್‌ಗೆ ಹೋಗಿ ಒಂದೊಂದೇ ಗುಂಡು ಹಾರಿಸಿದೆ. ಇಯರ್‌ಬಡ್ಡನ್ನು ತಮ್ಮನ ಫೋನಿನ ಮೈಕಿಗೆ ಅಂಟಿಸಿ ಹಿಡಿದು, ಅದರಲ್ಲೇ ನನ್ನ ಸ್ಕ್ರೀನನ್ನು 60 ಎಫ್‌ಪಿಎಸ್‌ನಲ್ಲಿ ರೆಕಾರ್ಡ್ ಮಾಡಿದೆವು. ಎಡಿಟಿಂಗ್ ಆ್ಯಪ್‌ನಲ್ಲಿ ಬಂದೂಕಿನ ಬೆಂಕಿ ಕಾಣುವ ಫ್ರೇಮಿನಿಂದ ಸದ್ದಿನ ಗೆರೆ ಮೇಲೇಳುವ ಜಾಗದವರೆಗೆ ಎಣಿಸಿದರೆ ಆಯಿತು. ಒಂದು ಫ್ರೇಮ್ ಅಂದರೆ ಸುಮಾರು 17 ಮಿಲಿಸೆಕೆಂಡ್.

ಮೊದಲು ಫೋನಿನ ಸ್ಪೀಕರ್‌ನಲ್ಲೇ ನೋಡಿ. ನನಗೆ 4 ಫ್ರೇಮ್ ಬಂತು. ಇದು ಫೋನ್ ಮತ್ತು ಗೇಮಿನದೇ ತಡ, ಯಾವ ಇಯರ್‌ಫೋನ್ ತಂದರೂ ಇದು ಹೋಗಲ್ಲ. ವೈರ್ ಹಾಕಿದಾಗಲೂ ಅದೇ 4. ಬ್ಲೂಟೂತ್‌ನಲ್ಲಿ 16 ಬಂತು, ಅಂದರೆ 200 ಮಿಲಿಸೆಕೆಂಡ್ ಜಾಸ್ತಿ. ಇಯರ್‌ಬಡ್‌ನ ಗೇಮ್ ಮೋಡ್ ಆನ್ ಮಾಡಿದರೆ 9ಕ್ಕೆ ಇಳಿಯಿತು. ಆದರೆ ಅದು ಮುಂದಕ್ಕೆ ಕೂಡಿಡುವ ಸದ್ದನ್ನು ಕಡಿಮೆ ಮಾಡಿಯೇ ತಡ ಇಳಿಸೋದು, ಹಾಗಾಗಿ ಫೋನ್ ಜೇಬಿಗೆ ಹೋದರೆ ಸದ್ದು ತುಂಡು ತುಂಡಾಗುತ್ತಿತ್ತು. ಬಾಕ್ಸ್ ಮೇಲೆ ತಡ ಕಡಿಮೆ ಮಾಡುವ ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಅಂತ ಇದ್ದರೆ ಸುಮ್ನೆ ನಂಬಿ ತಗೋಬೇಡಿ, ಫೋನಿನಲ್ಲೂ ಅದು ಇರಬೇಕು, ಇಲ್ಲದಿದ್ದರೆ ಅದು ಮಾಮೂಲಿ ಬ್ಲೂಟೂತೇ.

ಇನ್ನೊಂದು ತೊಂದರೆ ಗೇಮ್ ಮೋಡ್‌ನಿಂದಲೂ ಹೋಗಲಿಲ್ಲ. ಟೀಮ್ ಜೊತೆ ಮಾತಾಡೋಕೆ ಇಯರ್‌ಬಡ್‌ನ ಮೈಕ್ ಆನ್ ಮಾಡಿದರೆ ಬ್ಲೂಟೂತ್ ಫೋನ್ ಕಾಲ್ ಮೋಡಿಗೆ ಹೋಗಿ, ಸದ್ದು ಮಂದವಾಗಿ ಎರಡೂ ಕಿವಿಗೆ ಒಂದೇ ಥರ ಬರುತ್ತದೆ. ಹೆಜ್ಜೆ ಎಡಕ್ಕೋ ಬಲಕ್ಕೋ ತಿಳಿಯಲ್ಲ.

ನನ್ನ ಫೋನಿನಲ್ಲಿ ಜ್ಯಾಕ್ ಇಲ್ಲ. ಅಗ್ಗದ ಟೈಪ್ ಸಿ ಕನ್ವರ್ಟರ್ ತಂದೆ, ಸದ್ದೇ ಬರಲಿಲ್ಲ. ಫೋನಿನ ಡಿಜಿಟಲ್ ಸದ್ದನ್ನು ಇಯರ್‌ಫೋನಿಗೆ ಬೇಕಾದಂತೆ ಬದಲಿಸುವ ಡಿಎಸಿ ಚಿಪ್ ಇರುವುದನ್ನು ತಂದ ಮೇಲೆ ಸರಿಹೋಯಿತು. ಸ್ನೇಹಿತನ 2.4 ಗಿಗಾಹರ್ಟ್ಸ್ ಡಾಂಗಲ್ ಹೆಡ್‌ಸೆಟ್ಟನ್ನೂ ಅಳೆದೆ, 6 ಫ್ರೇಮ್ ಬಂತು, ಆಡುವಾಗ ವ್ಯತ್ಯಾಸವೇ ಗೊತ್ತಾಗಲಿಲ್ಲ. ವೈಫೈ ಕೂಡ 2.4ರಲ್ಲೇ ಇದ್ದಾಗ ಮಾತ್ರ ಆಗಾಗ ಕರಕರ ಅಂತಿತ್ತು, 5 ಗಿಗಾಹರ್ಟ್ಸ್‌ಗೆ ಬದಲಿಸಿದ ಮೇಲೆ ನಿಂತಿತು. ಆದರೆ ಡಾಂಗಲ್ ಚಾರ್ಜಿಂಗ್ ಜಾಗವನ್ನೇ ಹಿಡಿದುಕೊಳ್ಳುತ್ತದೆ. ನಾನು ಚಾರ್ಜ್ ಹಾಕಿಕೊಂಡೇ ಆಡುವವನು, ಅದಕ್ಕೆ ಚಾರ್ಜಿಂಗ್ ತೂತೂ ಇರುವ ಡಿಎಸಿ ಕನ್ವರ್ಟರ್, ವೈರ್ ಇಯರ್‌ಫೋನ್ ಇಟ್ಟುಕೊಂಡಿದ್ದೇನೆ. ಇಯರ್‌ಬಡ್ ಈಗ ಬಸ್ಸಿನಲ್ಲಿ ಹಾಡು ಕೇಳೋಕೆ.