ನಾಯಿ ಬೊಗಳಿತೆಂದು ನೋಟಿಸ್ ಬಂದರೆ: ಬಾಡಿಗೆ ಮನೆಯವರು ಮಾಡಬೇಕಾದ್ದು

ಕಾರವಾರದ ನನ್ನ ಕಚೇರಿಗೆ ನಾಯಿ ವಿಷಯಕ್ಕೆ ಬರುವ ಬಾಡಿಗೆದಾರರು ಹೆಚ್ಚಾಗಿ ಒಂದೇ ತಪ್ಪು ಮಾಡಿ ಬಂದಿರುತ್ತಾರೆ. ಓನರ್ ವಾಟ್ಸ್‌ಆ್ಯಪ್‌ನಲ್ಲಿ ‘ನಿಮ್ಮ ನಾಯಿ ಕಾಟ ಜಾಸ್ತಿಯಾಯ್ತು, ನಾಯಿ ಕಳಿಸಿ, ಇಲ್ಲಾ ಮನೆ ಬಿಡಿ’ ಎಂದು ಹಾಕಿರುತ್ತಾರೆ. ಇವರು ಹೆದರಿ ‘ಸಾರಿ ಸರ್, ನಮ್ಮದೇ ತಪ್ಪು, ಇನ್ನು ಆಗಲ್ಲ’ ಎಂದು ಉತ್ತರಿಸಿರುತ್ತಾರೆ. ಒಳ್ಳೆಯ ಮನಸ್ಸಿನಿಂದ ಬರೆದ ಆ ಒಂದು ಸಾಲು ಮುಂದೆ ನೋಟಿಸಿನಲ್ಲಿ ‘ಬಾಡಿಗೆದಾರರು ತಪ್ಪು ಒಪ್ಪಿಕೊಂಡಿದ್ದಾರೆ’ ಎಂದಾಗಿ ಬರುತ್ತದೆ. ಅದಕ್ಕಾಗಿಯೇ ಈ ಲೇಖನ.

ಹಂತ 1: ಸಹಿ ಹಾಕುವ ಮೊದಲು ಷರತ್ತು ಓದಿ, ತಿದ್ದಿಸಿ

ಕೋರ್ಟ್ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ ರೆಡಿಮೇಡ್ ಕರಾರಿನಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ‘ಬಾಡಿಗೆದಾರರು ನೆರೆಹೊರೆಯವರಿಗೆ ತೊಂದರೆ ಕೊಡತಕ್ಕದ್ದಲ್ಲ, ಸಾಕುಪ್ರಾಣಿ ಸಾಕತಕ್ಕದ್ದಲ್ಲ.’ ಈ ನಮೂನೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ಬೆಂಗಳೂರಿನ ಫ್ಲಾಟಿಗೆ ಬರೆದದ್ದನ್ನೇ ತಂದು ಶಿರಸಿಯ ಹೆಂಚಿನ ಮನೆಗೂ ಅಂಟಿಸುತ್ತಾರೆ. ಮನೆಗೆ ಲಿಫ್ಟೇ ಇರುವುದಿಲ್ಲ, ಕರಾರಿನಲ್ಲಿ ಲಿಫ್ಟಿನ ನಿಯಮ ಇರುತ್ತದೆ. ‘ತೊಂದರೆ’ ಎಂದರೆ ಏನು ಎಂದು ಮಾತ್ರ ಎಲ್ಲೂ ಬರೆದಿರುವುದಿಲ್ಲ.

ನಾಯಿ ಇದ್ದರೆ ಅದನ್ನು ಮೊದಲೇ ಹೇಳಿ, ಕರಾರಿನಲ್ಲಿ ಬರೆಸಿ. ‘ಒಂದು ನಾಯಿ ಸಾಕಲು ಒಪ್ಪಿಗೆ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದನ್ನು ಮನೆಯೊಳಗೆ ಇಡಬೇಕು. ಬಾವಿಕಟ್ಟೆ, ತುಳಸಿಕಟ್ಟೆಯ ಹತ್ತಿರ ಬಿಡಬಾರದು. ದೂರು ಇದ್ದರೆ ಮೊದಲು ಲಿಖಿತವಾಗಿ ತಿಳಿಸಿ, ಸರಿಪಡಿಸಲು 15 ದಿನ ಕೊಡಬೇಕು.’ ಇಷ್ಟು ಸಾಕು. 10ರಿಂದ 6 ಎಂಬುದು ನಾನು ಸುಮ್ನೆ ಹಾಕಿದ ಲೆಕ್ಕ ಅಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ ಎಂದು ಕರೆಯುವುದು ಈ ಹೊತ್ತನ್ನೇ. ಬಾವಿಕಟ್ಟೆ, ತುಳಸಿಕಟ್ಟೆಯನ್ನು ಸೇರಿಸುವುದಕ್ಕೂ ಕಾರಣ ಇದೆ. ನಮ್ಮ ಕಡೆ ಓನರ್ ಕೆಳಗೆ, ಬಾಡಿಗೆಯವರು ಮೇಲೆ, ಅಂಗಳ ಒಂದೇ. ಅರ್ಧಕ್ಕರ್ಧ ಜಗಳ ಹುಟ್ಟುವುದು ಬೊಗಳಿದ್ದಕ್ಕಲ್ಲ, ನಾಯಿ ಕಟ್ಟೆ ಹತ್ತಿದ್ದಕ್ಕೆ.

ಪ್ರಾಣಿ ಕಲ್ಯಾಣ ಮಂಡಳಿಯ ಸುತ್ತೋಲೆ ಇದೆ, ಯಾರೂ ನಾಯಿ ಬೇಡ ಎನ್ನುವ ಹಾಗಿಲ್ಲ ಎಂದು ಕೆಲವರು ವಾದಿಸುತ್ತಾರೆ. 2015ರ ಆ ಮಾರ್ಗಸೂಚಿ ಮಾತಾಡುವುದು ನಿವಾಸಿಗಳ ಸಂಘ, ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳ ಬಗ್ಗೆ. ಸಂಘ ತನ್ನ ಸದಸ್ಯರಿಗೆ ಸಾಕುಪ್ರಾಣಿ ನಿಷೇಧಿಸುವುದು ಬೇರೆ, ಮನೆ ಮಾಲೀಕರೊಬ್ಬರು ತಮ್ಮ ಮನೆಗೆ ಷರತ್ತು ಹಾಕಿ ನೀವು ಅದಕ್ಕೆ ಸಹಿ ಮಾಡುವುದು ಬೇರೆ. ಕೊಡಿಬಾಗದ ಮೇಲಿನ ಮಹಡಿಯ ಮನೆಗೆ ಆ ಸುತ್ತೋಲೆ ಹಿಡಿದು ಹೋದರೆ ಓನರ್ ಜತೆ ಜಗಳ ಬೆಳೆಯುತ್ತದೆ, ಅಷ್ಟೇ.

ಹಂತ 2: ಬಾಯಿಮಾತಿನ ದೂರಿಗೆ ಬಾಯಿಮಾತಿನ ಉತ್ತರ

ಓನರ್ ಕರೆದು ಹೇಳಿದರೆ ಎದುರಿಗೆ ಹೋಗಿ ಮಾತಾಡಿ. ಮೆಸೇಜ್ ಬಂದರೆ ‘ನಿಮ್ಮ ಮಾತು ತಿಳಿಯಿತು, ಯಾವ ದಿನ, ಯಾವ ಹೊತ್ತಿಗೆ ಎಂದು ಹೇಳಿದರೆ ನೋಡುತ್ತೇನೆ’ ಎಂದು ಬರೆಯಿರಿ. ಅಲ್ಲಿಗೆ ನಿಲ್ಲಿಸಿ.

ಹಂತ 3: ನೋಟಿಸ್ ಬಂದಾಗ

ಜನ ಎಡವುವುದು ಇಲ್ಲೇ. ಮೊದಲು ತಿಳಿಯಬೇಕಾದ್ದು, ಬಂದ ನೋಟಿಸ್ ಯಾವ ಬಗೆಯದು ಎಂದು. ಎರಡು ಬಗೆ ಇವೆ. ಎರಡರಲ್ಲೂ ‘15 ದಿನ’ ಎಂದು ಇರಬಹುದು, ಹಾಗಾಗಿ ಗೊಂದಲ.

ಒಂದು, ಕಾರಣ ಬೇಡದ ನೋಟಿಸ್. ತಿಂಗಳು ತಿಂಗಳಿಗೆ ನಡೆಯುವ ಬಾಡಿಗೆಯನ್ನು 15 ದಿನದ ನೋಟಿಸ್ ಕೊಟ್ಟು ಮುಗಿಸಲು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಅವಕಾಶ ಕೊಡುತ್ತದೆ. 11 ತಿಂಗಳ ಕರಾರು ಮುಗಿದು, ಹೊಸದು ಮಾಡದೆ ಹಾಗೇ ಬಾಡಿಗೆ ಕೊಡುತ್ತಾ ಬಂದಿದ್ದರೆ ನೀವು ಈ ಗುಂಪಿನವರು. ಇಂಥ ನೋಟಿಸಿಗೆ ನಾಯಿ ಬೊಗಳಲೇಬೇಕಿಲ್ಲ. ಇದರ ಎದುರು ನಾಯಿ ಒಳ್ಳೆಯದು ಎಂದು ವಾದಿಸಿ ಪ್ರಯೋಜನ ಇಲ್ಲ. ಮನೆ ಹುಡುಕಲು ಒಂದೆರಡು ತಿಂಗಳು ಕೇಳಿಕೊಳ್ಳುವುದೇ ಜಾಣತನ. ಕರಾರಿನಲ್ಲೇ ‘ಯಾರು ಬೇಕಾದರೂ ಒಂದು ತಿಂಗಳ ನೋಟಿಸ್ ಕೊಟ್ಟು ಮುಗಿಸಬಹುದು’ ಎಂದು ಬರೆದಿದ್ದರೂ ಕತೆ ಇದೇ.

ಎರಡನೆಯದು, ಅವಧಿ ಇನ್ನೂ ಇರುವಾಗಲೇ ‘ನೀವು ಷರತ್ತು ಮುರಿದಿರಿ, ಹೊರಡಿ’ ಎನ್ನುವ ನೋಟಿಸ್. ಇಲ್ಲಿ ನಿಮಗೆ ಬಲ ಇದೆ. ಷರತ್ತು ಮುರಿದರೆ ಮಾಲೀಕರು ಮನೆ ವಾಪಸ್ ಪಡೆಯಬಹುದು ಎಂದು ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಬರೆದಿದ್ದರೂ ಓನರ್ ನೇರ ದಾವೆ ಹಾಕುವ ಹಾಗಿಲ್ಲ. ಅದೇ ಕಾಯ್ದೆಯ 114-ಎ ಕಲಂ ಪ್ರಕಾರ ಮೊದಲು ಲಿಖಿತ ನೋಟಿಸ್ ಕೊಡಬೇಕು. ಯಾವ ಷರತ್ತು, ಹೇಗೆ ಮುರಿಯಿತು ಎಂದು ಅದರಲ್ಲಿ ಹೇಳಬೇಕು. ಸರಿಪಡಿಸಲು ಆಗುವಂಥದ್ದಾದರೆ ಸರಿಪಡಿಸಿ ಎಂದೂ ಕೇಳಬೇಕು. ತಕ್ಕಷ್ಟು ಸಮಯದಲ್ಲಿ ನೀವು ಸರಿಪಡಿಸದಿದ್ದರೆ ಮಾತ್ರ ದಾವೆ. ರಾತ್ರಿ ಬೊಗಳುವುದು ಸರಿಪಡಿಸಲು ಆಗುವ ತೊಂದರೆ, ಅಲ್ವಾ? ಹಾಗಾಗಿ ನೋಟಿಸ್ ಬಂದ ಮೇಲಿನ ಎರಡು ವಾರ ನೀವು ಏನು ಮಾಡುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಒಂದು ಪ್ರಕರಣ ಹೇಳುತ್ತೇನೆ. ಕಾರವಾರದಲ್ಲೇ, ಕೈಗಾದಲ್ಲಿ ಪಾಳಿ ಕೆಲಸ ಮಾಡುವ ಒಬ್ಬರು ಮೇಲಿನ ಮನೆಯಲ್ಲಿದ್ದರು. ಬಾಡಿಗೆ 9,000, ಡಿಪಾಸಿಟ್ 50,000 ರೂಪಾಯಿ. ಜೂನ್ 1ರಿಂದ 11 ತಿಂಗಳ ಕರಾರು, ಮಧ್ಯದಲ್ಲಿ ಸುಮ್ಮನೆ ಮುಗಿಸುವ ಷರತ್ತು ಇರಲಿಲ್ಲ. ನಾಯಿಗೆ ಒಪ್ಪಿಗೆ ಇತ್ತು, ಆದರೆ ‘ತೊಂದರೆಯಾದರೆ ಮನೆ ತೆರವು, ಡಿಪಾಸಿಟ್ ಮುಟ್ಟುಗೋಲು’ ಎಂದೂ ಇತ್ತು. ಮಳೆಗಾಲ ಪೂರ್ತಿ ಯಾರೂ ಸೊಲ್ಲೆತ್ತಲಿಲ್ಲ. ತಗಡಿನ ಮೇಲೆ ಸುರಿಯುವ ಮಳೆಯ ಸದ್ದಿನಲ್ಲಿ ಬೊಗಳುವುದು ಕೇಳುತ್ತಲೇ ಇರಲಿಲ್ಲ. ಅಕ್ಟೋಬರಿನಲ್ಲಿ ಮಳೆ ನಿಂತಿತು, ಸೆಕೆಗೆ ಎಲ್ಲರೂ ಕಿಟಕಿ ತೆರೆದಿಟ್ಟು ಮಲಗತೊಡಗಿದರು. ದೂರು ಶುರುವಾಯಿತು. 14ನೇ ತಾರೀಕು ವಕೀಲರ ನೋಟಿಸ್: 15 ದಿನದೊಳಗೆ ನಾಯಿ ಕಳಿಸಿ, ಇಲ್ಲದಿದ್ದರೆ ಬಾಡಿಗೆ ರದ್ದು, ಡಿಪಾಸಿಟ್ ಇಲ್ಲ.

ನಾವು ಮೊದಲು ಮಾಡಿದ್ದು ಒಂದು ನೋಟ್‌ಬುಕ್ ತೆರೆದದ್ದು. ಎಂದು, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಬೊಗಳಿತು, ಆಗ ಮನೆಯಲ್ಲಿ ಯಾರಿದ್ದರು ಎಂದು ಆರು ದಿನ ಬರೆದರು. ಅವರು ರಾತ್ರಿ ಪಾಳಿಗೆ ಹೋದಾಗ ಹೆಂಡತಿ ನಾಯಿಯನ್ನು ಬಾಲ್ಕನಿಯಲ್ಲಿ ಕಟ್ಟುತ್ತಿದ್ದರು. ಎರಡು ಗಂಟೆ ಸುಮಾರಿಗೆ ಬೀದಿನಾಯಿಗಳ ಗುಂಪು ಮೀನು ಮಾರುಕಟ್ಟೆ ಕಡೆಗೆ ಹೊರಡುವಾಗ ಇದು ಬೊಗಳುತ್ತಿತ್ತು. ಪಾಳಿ ಇಲ್ಲದ ರಾತ್ರಿ ನಾಯಿ ಒಳಗೇ ಇರುತ್ತಿತ್ತು, ಆಗ ಸದ್ದಿಲ್ಲ. ಕಾರಣ ಗೊತ್ತಾದ ಮೇಲೆ ಪರಿಹಾರ ಸುಲಭ. ರಾತ್ರಿ ಒಳಗಿನ ಕೋಣೆಯಲ್ಲಿ ಮಲಗಿಸಿದರು, ಬೀದಿ ಕಡೆಯ ಕಿಟಕಿಗೆ ದಪ್ಪ ಪರದೆ ಹಾಕಿದರು. ಎಂಟನೇ ದಿನದಿಂದ ರಾತ್ರಿ ಸದ್ದು ನಿಂತಿತು.

ಇಲ್ಲಿ ಒಂದು ಮಾತು. ಬೊಗಳಿದರೆ ಶಾಕ್ ಕೊಡುವ ಪಟ್ಟಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ದಯವಿಟ್ಟು ಕೊಳ್ಳಬೇಡಿ. ನಾಯಿಗೆ ಅದು ಹಿಂಸೆ, ಬೊಗಳುವ ಕಾರಣವೂ ಹಾಗೇ ಉಳಿಯುತ್ತದೆ. ಮೊಬೈಲಿನ ಡೆಸಿಬಲ್ ಆ್ಯಪ್ ಅಳತೆಯನ್ನು ಸಾಕ್ಷಿ ಎಂದು ನೆಚ್ಚಬೇಡಿ, ಒಂದೊಂದು ಫೋನು ಒಂದೊಂದು ಅಂಕಿ ತೋರಿಸುತ್ತದೆ. ದಿನಾಂಕ ಹಾಕಿದ ನೋಟ್‌ಬುಕ್ ಅದಕ್ಕಿಂತ ಎಷ್ಟೋ ಮೇಲು.

ಆಮೇಲೆ ಉತ್ತರ. ಸ್ವೀಕೃತಿ ಚೀಟಿ ಬರುವಂತೆ ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ, ರಸೀದಿ ಇಟ್ಟುಕೊಳ್ಳಿ. ನಾವು ಬರೆದದ್ದು ಒಂದೇ ಪುಟ. ತೊಂದರೆ ಕೊಟ್ಟೆವೆಂದು ಒಪ್ಪಲಿಲ್ಲ, ಓನರ್ ಸುಳ್ಳು ಹೇಳುತ್ತಾರೆ ಎಂದೂ ಬರೆಯಲಿಲ್ಲ. ‘ನಿಮ್ಮ ನೋಟಿಸ್ ತಲುಪಿದೆ. ಷರತ್ತು ಮುರಿದಿದ್ದೇವೆ ಎಂಬುದನ್ನು ಒಪ್ಪುವುದಿಲ್ಲ. ಆದರೂ ನೆರೆಯವರ ನೆಮ್ಮದಿಗಾಗಿ ಇಂಥ ದಿನದಿಂದ ನಾಯಿಯನ್ನು ರಾತ್ರಿ ಒಳಗೆ ಇಡುತ್ತಿದ್ದೇವೆ. ಇನ್ನೂ ಸದ್ದು ಕೇಳಿದರೆ ದಿನ, ಹೊತ್ತು ತಿಳಿಸಿ.’ ಜತೆಗೆ ನಾಯಿಯ ರೇಬೀಸ್ ಲಸಿಕೆ ಪುಸ್ತಕದ ಪ್ರತಿ, ಎರಡು ಅಕ್ಕಪಕ್ಕದ ಮನೆಯವರು ‘ಈಗ ರಾತ್ರಿ ಸದ್ದಿಲ್ಲ’ ಎಂದು ಬರೆದು ಸಹಿ ಮಾಡಿದ ಚೀಟಿ. ಆ ಚೀಟಿ ಕೇಳಲು ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ‘ಅಕ್ಕಾ, ನಿಮಗೆ ತೊಂದರೆ ಆದದ್ದು ನಮಗೆ ಗೊತ್ತೇ ಇರಲಿಲ್ಲ’ ಎಂದಾಗ ಆ ಮನೆಯಾಕೆ ‘ಮೊದಲೇ ಬಂದು ಕೇಳಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ’ ಎಂದರಂತೆ.

ಹಂತ 4: ಬಾಡಿಗೆ ನಿಲ್ಲಿಸಬೇಡಿ

ಸಿಟ್ಟಿನಲ್ಲಿ ಬಾಡಿಗೆ ತಡೆದರೆ ಓನರ್ ಕೈಗೆ ನಾಯಿಗಿಂತ ಗಟ್ಟಿಯಾದ ಕಾರಣ ಸಿಗುತ್ತದೆ. ನಗದು ಕೊಡಬೇಡಿ, ಬ್ಯಾಂಕ್ ಮೂಲಕವೇ ಹಾಕಿ. ನಮ್ಮ ಪ್ರಕರಣದಲ್ಲಿ 15 ದಿನ ಮುಗಿದ ಮೇಲೂ ಓನರ್ ನವೆಂಬರ್ ಬಾಡಿಗೆಯನ್ನು ಯುಪಿಐ ಮೂಲಕ ತೆಗೆದುಕೊಂಡರು. ಷರತ್ತು ಮುರಿದದ್ದು ಗೊತ್ತಿದ್ದೂ, ಬಾಡಿಗೆ ರದ್ದಾಯಿತು ಎಂದ ನಂತರದ ಬಾಡಿಗೆ ಪಡೆದರೆ ಆ ರದ್ದತಿಯನ್ನು ಬಿಟ್ಟುಕೊಟ್ಟಂತೆ ಎನ್ನುತ್ತದೆ ಆಸ್ತಿ ವರ್ಗಾವಣೆ ಕಾಯ್ದೆಯ 112ನೇ ಕಲಂ. ದಾವೆ ಹಾಕಿದ ಮೇಲೆ ಪಡೆದ ಬಾಡಿಗೆಗೆ ಇದು ಅನ್ವಯಿಸದು, ಅದು ನೆನಪಿರಲಿ.

ಹಂತ 5: ಬೀಗ ಜಡಿದರೆ

ನೀರು, ಕರೆಂಟು ತೆಗೆಯುವುದು, ನೀವಿಲ್ಲದಾಗ ಬೀಗ ಬದಲಿಸುವುದು, ನಾಯಿಯನ್ನು ಎತ್ತಿ ಎಲ್ಲೋ ಬಿಟ್ಟು ಬರುವುದು, ಇವುಗಳಲ್ಲಿ ಒಂದಕ್ಕೂ ಓನರ್‌ಗೆ ಹಕ್ಕಿಲ್ಲ. ಕೂಡಲೇ 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕಾನೂನು ಬಿಟ್ಟು ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಕೆಳಗೆ ಸ್ವಾಧೀನ ವಾಪಸ್ ಕೇಳಬಹುದು. ಹೊರಹಾಕಿದ ದಿನದಿಂದ ಆರು ತಿಂಗಳೊಳಗೆ ದಾವೆ ಹೂಡಬೇಕು. ‘ಹಬ್ಬ ಮುಗಿಯಲಿ, ಜಾತ್ರೆ ಮುಗಿಯಲಿ’ ಎಂದು ಕಾಯುತ್ತಾ ಈ ಗಡುವು ಕಳೆದುಕೊಂಡವರನ್ನು ನೋಡಿದ್ದೇನೆ.

ಹಂತ 6: ಡಿಪಾಸಿಟ್

ನಿಜ ಹೇಳಬೇಕೆಂದರೆ ಈ ಷರತ್ತುಗಳು ಹೆಚ್ಚಾಗಿ ಜಾರಿಯಾಗುವುದು ಕೋರ್ಟಿನಲ್ಲಲ್ಲ, ಡಿಪಾಸಿಟ್ ಹಿಂದಿರುಗಿಸುವ ದಿನ. ‘ಮುಟ್ಟುಗೋಲು’ ಎಂದು ಬರೆದಿದೆ ಎಂದು ಪೂರ್ತಿ ಹಣ ಇಟ್ಟುಕೊಳ್ಳಲು ನೋಡುತ್ತಾರೆ. ಕರಾರು ಕಾಯ್ದೆಯ 74ನೇ ಕಲಂ ಹೇಳುವುದು ಬೇರೆ. ಬರೆದ ಮೊತ್ತ ಮೇಲಿನ ಮಿತಿ ಮಾತ್ರ, ಸಿಗುವುದು ನ್ಯಾಯವಾದ ಪರಿಹಾರ.

ಮನೆಗೆ ಬಂದ ದಿನವೇ ಬಾಗಿಲು, ಗೋಡೆಯ ಕೆಳಭಾಗ, ಸೊಳ್ಳೆಪರದೆಯ ಚೌಕಟ್ಟಿನ ಫೋಟೊ ತೆಗೆದು ಓನರ್‌ಗೆ ಕಳಿಸಿಡಿ. ನಮ್ಮವರು ಹಾಗೆ ಮಾಡಿದ್ದರು. ಏಪ್ರಿಲ್ 30ಕ್ಕೆ ಅವಧಿ ಮುಗಿಯಿತು, ಓನರ್ ಮುಂದುವರಿಸಲಿಲ್ಲ, ಅದು ಅವರ ಹಕ್ಕು. ಮನೆ ಬಿಡುವ ದಿನ ಇಬ್ಬರೂ ನಿಂತು ನೋಡಿದರು. ನಾಯಿ ಕೆರೆದ ಬಾಗಿಲಿಗೆ ಪಾಲಿಶ್ 2,400, ಹರಿದ ಸೊಳ್ಳೆಪರದೆಗೆ 1,100. ಒಟ್ಟು 3,500 ಕಳೆದು 46,500 ರೂಪಾಯಿ ಅವರ ಖಾತೆಗೆ ಬಂತು. ಅದಾದ ಮೇಲೆಯೇ ಕೀಲಿಕೈ ಕೊಟ್ಟರು. ಈಗ ಅವರು ಬಾಡದಲ್ಲಿ ಮನೆ ಹಿಡಿದಿದ್ದಾರೆ. ಹೊಸ ಕರಾರಿನಲ್ಲಿ ‘ಒಂದು ನಾಯಿ, ರಾತ್ರಿ ಒಳಗೆ, ದೂರಿಗೆ 15 ದಿನ’ ಎಂದು ಬರೆಸಿದ್ದಾರೆ.