ಚುಕ್ಕಿ ತಪ್ಪಿದರೆ ಜೇನುಗೂಡು ತಪ್ಪುತ್ತೆ

ಅಕ್ಕನ ಮಗಳಿಗೆ ಎರಡು ತುಂಬಿದಾಗ ಎದೆಗೆ ಸ್ಮಾಕಿಂಗ್, ಅಂದರೆ ಸಣ್ಣ ನೆರಿಗೆ ಹಿಡಿದು ಅದರ ಮೇಲೆ ಹಾಕೋ ಕಸೂತಿ, ಇರೋ ಫ್ರಾಕ್ ಹೊಲಿಯೋಣ ಅಂತ ತುಮಕೂರಿನ ಚಿಕ್ಕಪೇಟೆಯಿಂದ ತೆಳು ಕಾಟನ್ ತಂದೆ. ಎದೆಭಾಗ 24 ಸೆಂ.ಮೀ. ಬೇಕಿತ್ತು. ನೆರಿಗೆಗೆ ಮೂರು ಪಟ್ಟು ಬಟ್ಟೆ ಬೇಕು, ಹಾಗಾಗಿ 72 ಸೆಂ.ಮೀ. ಇಟ್ಟುಕೊಂಡೆ. ಹೊಲಿಗೆಗೆ ಬಿಡೋ ಅಂಚು ಬೇರೆ.

ಮೊದಲ ಸಲ ಸ್ಕೇಲ್ ಇಟ್ಟು ಅಂದಾಜಿನಲ್ಲಿ ಚುಕ್ಕಿ ಹಾಕಿದ್ದೆ. ದಾರ ಎಳೆದರೆ ನೆರಿಗೆಗಳೆಲ್ಲ ಸೊಟ್ಟ. ಪಕ್ಕದ ಮನೆಯ ಟೈಲರ್ ಆಂಟಿ ನೋಡಿ, "ಏನಮ್ಮಾ, ರಂಗೋಲಿಗಾದ್ರೆ ಚುಕ್ಕಿ ನೆಟ್ಟಗೆ ಇಡ್ತೀಯ, ಬಟ್ಟೆಗೆ ಯಾಕೆ ಹೀಗೆ?" ಅಂದರು. ಬಿಚ್ಚಿದೆ. ಈ ಸಲ ಅಡ್ಡ ನೂಲಿನ ಒಂದು ಎಳೆ ಕಿತ್ತು, ಅದು ಬಿಟ್ಟ ಗೆರೆಯನ್ನೇ ಮೊದಲ ಸಾಲು ಮಾಡಿಕೊಂಡೆ. ರಟ್ಟಿನ ಮೇಲೆ ಗ್ರಾಫ್ ಹಾಳೆ ಅಂಟಿಸಿ ದಬ್ಬಳದಿಂದ ತೂತು ಹಾಕಿದೆ. ಚುಕ್ಕಿಯಿಂದ ಚುಕ್ಕಿಗೆ 6 ಮಿ.ಮೀ., ಸಾಲಿಂದ ಸಾಲಿಗೆ 1 ಸೆಂ.ಮೀ. ಬಟ್ಟೆಯ ಒಳಬದಿಗೆ ಪೆನ್ಸಿಲಲ್ಲಿ ಏಳು ಸಾಲು ಗುರುತು ಹಾಕಿದೆ, ಸಾಲಿಗೆ ಸುಮಾರು 120 ಚುಕ್ಕಿ. ಬಾಲ್‌ಪೆನ್ ಮಾತ್ರ ಬೇಡ, ಒಗೆದರೆ ಹೊರಗೆ ಹರಡುತ್ತೆ.

ಪ್ರತಿ ಸಾಲಿಗೂ ಬೇರೆ ದಾರ, ಬಟ್ಟೆಗಿಂತ ಬೇರೆ ಬಣ್ಣದ್ದು. ತುದಿಗೆ ಗಟ್ಟಿ ಗಂಟು ಹಾಕಿ, ಒಂದೊಂದು ಚುಕ್ಕಿಯಲ್ಲೂ ನಾಲ್ಕೈದು ನೂಲಷ್ಟೇ ಸೂಜಿಗೆ ಎತ್ತಬೇಕು. ಎಲ್ಲ ಸಾಲನ್ನೂ ಒಟ್ಟಿಗೆ ಎಳೆದು, ಎರಡೆರಡು ದಾರ ಸೇರಿಸಿ ಕಟ್ಟಿದೆ. 20 ಸೆಂ.ಮೀ.ಗೆ ತಂದೆ. ದಾರ ತೆಗೆದ ಮೇಲೆ ಅದು ಸ್ವಲ್ಪ ಬಿಡುತ್ತೆ ಅಲ್ವಾ.

ಮೇಲಿನ ಸಾಲಿಗೆ ಕೇಬಲ್ ಹೊಲಿಗೆ. ಕಸೂತಿ ದಾರದ ಮೂರು ಎಳೆ, ಎಡದಿಂದ ಬಲಕ್ಕೆ. ಸೂಜಿ ಅಡ್ಡಕ್ಕೆ ಮಲಗಿಸಿ ಒಂದೊಂದೇ ನೆರಿಗೆ ಚುಚ್ಚುತ್ತೇವೆ. ಒಂದು ಸಲ ದಾರ ಸೂಜಿಯ ಮೇಲೆ, ಮುಂದಿನ ಸಲ ಕೆಳಗೆ. ಬಿಗಿಯಾಗಿ ಎಳೆದರೆ ಹಿಗ್ಗೋದೇ ಇಲ್ಲ. ನಾನು ಹಾಗೆ ಎಳೆದು, ಆಮೇಲೆ ಆ ಸಾಲನ್ನು ಪೂರ್ತಿ ಬಿಚ್ಚಬೇಕಾಯಿತು. ದಾರ ನೆರಿಗೆಯ ಮೇಲೆ ಸುಮ್ನೆ ಕೂತರೆ ಸಾಕು.

ಜೇನುಗೂಡು ಹೊಲಿಗೆ ಕೆಳಗಿನ ಸಾಲುಗಳಿಗೆ. ಒಂದನೇ, ಎರಡನೇ ನೆರಿಗೆಯನ್ನು ಸೇರಿಸಿ ಎರಡು ಸಲ ಹೊಲಿಯಬೇಕು. ಎರಡನೇ ಸಲ ಸೂಜಿಯನ್ನು ಎರಡನೇ ನೆರಿಗೆಯ ಒಳಗಿಂದಲೇ ಜಾರಿಸಿ ಕೆಳಗಿನ ಸಾಲಿಗೆ ತಂದು, ಅಲ್ಲಿ ಎರಡು, ಮೂರನ್ನು ಸೇರಿಸಬೇಕು. ಆಮೇಲೆ ಮೂರನೇ ನೆರಿಗೆಯೊಳಗೆ ಮೇಲಕ್ಕೆ. ಒಳಗೆ ಹೋಗೋ ದಾರ ಸ್ವಲ್ಪ ಸಡಿಲ ಇರಲಿ, ಇಲ್ಲದಿದ್ದರೆ ಗೂಡು ತೆರೆಯದೆ ಸುಕ್ಕಾಗುತ್ತೆ.

ಸೂಜಿ ನೆರಿಗೆಯ ಮೇಲಿನ ಮೂರನೇ ಒಂದು ಭಾಗದಷ್ಟೇ ಆಳಕ್ಕೆ ಹೋಗಬೇಕು. ನಾನು ನಾಲ್ಕನೇ ಸಾಲಲ್ಲಿ ಜಾಸ್ತಿ ಚುಚ್ಚಿದ್ದೆ ಅಂತ ಗೊತ್ತಾಗಿದ್ದು ಕೊನೆಗೆ, ನೆರಿಗೆ ಹಿಡಿದಿದ್ದ ದಾರ ಎಳೆದು ತೆಗೆಯುವಾಗ. ಆರು ದಾರ ಸರ್ರನೆ ಬಂದವು, ಅದೊಂದು ಬರಲಿಲ್ಲ. ಒಳಬದಿಯಿಂದ ತುಂಡು ತುಂಡಾಗಿ ಕತ್ತರಿಸಿ, ಚಿಮಟದಲ್ಲಿ ಕೀಳೋಷ್ಟರಲ್ಲಿ ಸಂಜೆಯಾಗಿತ್ತು.